ಹೊಸ ಸಮಯದ ಪ್ರತಿಯೇ ಸರಿಯೆಂದಲ್ಲ

ಸೋಲ್‌ನ ಕಚೇರಿಯೊಂದರಲ್ಲಿ ಸಹೋದ್ಯೋಗಿ ಮೂರು ಗಂಟೆಗೆ .hwp ವರದಿಗೆ ಎರಡು ಪುಟ ಸೇರಿಸುತ್ತಾರೆ. ನೆಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ನೀವು ಅದೇ ವರದಿಯ ಹಳೆಯ ಪ್ರತಿಯಲ್ಲಿ ಐದು ಗಂಟೆಗೆ ಒಂದು ಅಂಕಿ ತಿದ್ದುತ್ತೀರಿ. ನೆಟ್ ಬಂದೊಡನೆ ಕ್ಲೌಡ್ ಕೇಳುತ್ತದೆ: ಯಾವುದನ್ನು ಉಳಿಸಲಿ?

ಕೊರಿಯನ್ ಪರದೆಯಲ್ಲಿ 수정한 날짜 ಎಂದರೆ ತಿದ್ದಿದ ದಿನಾಂಕ, 크기 ಎಂದರೆ ಗಾತ್ರ. ಸಮಯ ನಂಬಿ ನಿಮ್ಮ ಪ್ರತಿಗೆ 덮어쓰기 ಒತ್ತಿದರೆ ಅವರ ಎರಡು ಪುಟ ಅಳಿದುಹೋಗುತ್ತದೆ. ಗಾತ್ರವೂ ಭರವಸೆಯ ಗುರುತಲ್ಲ. ಒಂದು ಚಿತ್ರ ತೆಗೆದರೂ ಅದು ಕುಗ್ಗುತ್ತದೆ.

ಅನುಮಾನವಿದ್ದರೆ 둘 다 유지, ಅಂದರೆ ಎರಡನ್ನೂ ಉಳಿಸುವ ಗುಂಡಿಯೇ ನನ್ನ ಆಯ್ಕೆ. ಆಮೇಲೆ ಎರಡನ್ನೂ ತೆರೆದು, ತಿದ್ದಿದ ಅಂಕಿಯನ್ನು ಸಹೋದ್ಯೋಗಿಯ ಪ್ರತಿಗೆ ಕೈಯಾರೆ ಸೇರಿಸಿ. ಅದು ಕ್ಲೌಡ್‌ಗೆ ಏರಿದ ಮೇಲಷ್ಟೇ ನಿಮ್ಮ ಪ್ರತಿಯನ್ನು ಅಳಿಸಿ. ಆ ಗುಂಡಿಯೇ ಕಾಣದಿದ್ದರೆ 취소 ಒತ್ತಿ ರದ್ದುಮಾಡಿ, ನಿಮ್ಮ ಕಡತಕ್ಕೆ ಬೇರೆ ಹೆಸರು ಕೊಡಿ.