ಹತ್ತು ಕುಂಡಗಳಿಗೆ ಶನಿವಾರದ ಅರ್ಧ ಗಂಟೆ

ಬೆಂಗಳೂರಿನ ಮಾಮೂಲಿ ಎರಡು ಕೋಣೆಯ ಫ್ಲಾಟು. ಪೂರ್ವಕ್ಕೆ ನಾಲ್ಕಡಿ ಅಗಲದ ಬಾಲ್ಕನಿ, ಹತ್ತೂವರೆ ಹನ್ನೊಂದರ ತನಕ ಬಿಸಿಲು. ಅಲ್ಲಿ ತುಳಸಿ, ಕರಿಬೇವು, ದಾಸವಾಳ, ದುಂಡುಮಲ್ಲಿಗೆ, ಹಸಿಮೆಣಸಿನಕಾಯಿ, ಪುದೀನ, ದೊಡ್ಡಪತ್ರೆ, ಲೋಳೆಸರ. ಒಳಗೆ ಹಾಲ್‌ನ ಕಿಟಕಿಯ ಬಳಿ ಒಂದು ಮನಿ ಪ್ಲಾಂಟ್, ಒಂದು ಸ್ನೇಕ್ ಪ್ಲಾಂಟ್. ಹೊಸದಾಗಿ ಗಿಡ ಸಾಕಲು ಹೊರಟವರ ಮನೆಯಲ್ಲಿ ಹೆಚ್ಚುಕಡಿಮೆ ಇದೇ ಹತ್ತು ಕುಂಡಗಳಿರುತ್ತವೆ. ದಿನಾ ಬೆಳಿಗ್ಗೆ ಎಲ್ಲಕ್ಕೂ ಒಂದೊಂದು ಚೊಂಬು ನೀರು ಹಾಕುವುದೇ ಅಲ್ಲಿಯ ದಿನಚರಿ. ತಿಂಗಳೊಳಗೆ ಲೋಳೆಸರ ಬುಡದಲ್ಲಿ ಕೊಳೆಯುತ್ತದೆ, ಕರಿಬೇವು ಹಳದಿಯಾಗುತ್ತದೆ, ಪುದೀನ ಮಾತ್ರ ನಗುನಗುತ್ತಾ ಇರುತ್ತದೆ. ಹತ್ತಕ್ಕೂ ಒಂದೇ ಅಳತೆಯ ನೀರು ಹಾಕಿದ್ದೇ ಇದಕ್ಕೆ ಕಾರಣ.

ಹಾಗಾಗಿ ವಾರದ ಕ್ರಮ ಎಂದಾಗ ಮೊದಲು ಒಂದು ವಿಷಯ ತಿಳಿದಿರಬೇಕು. ನೀರಿಗೆ ವಾರದ ಲೆಕ್ಕ ಇಲ್ಲ, ಅದು ಮಣ್ಣು ಕೇಳಿದಾಗ ಕೊಡುವಂಥದ್ದು. ವಾರದ ಲೆಕ್ಕ ಇರುವುದು ಗಿಡವನ್ನು ಹತ್ತಿರದಿಂದ ನೋಡುವುದಕ್ಕೆ. ನೀರಿಗೆ ದಿನಾ ಐದು ನಿಮಿಷ, ನೋಡುವುದಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಆ ದಿನ ಭಾನುವಾರವೇ ಆಗಬೇಕಿಲ್ಲ. ಭಾನುವಾರ ತುಳಸಿ ಕೀಳಬಾರದು ಎನ್ನುವ ಮನೆಗಳು ನಮ್ಮಲ್ಲಿ ಬಹಳ. ತುಳಸಿಯ ಕುಡಿ ಚಿವುಟುವುದು ಈ ಕೆಲಸದ ಭಾಗವಾದ್ದರಿಂದ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳುವುದು ಅನುಕೂಲ.

ನೀರು ಬೇಕೋ ಬೇಡವೋ ಎಂದು ತಿಳಿಯಲು ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ಮೇಲೆ ಒಣಗಿ ಕಂಡರೂ ಒಳಗೆ ತಂಪಾಗಿ, ಬೆರಳಿಗೆ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಪುದೀನ, ತುಳಸಿ, ಮೆಣಸು, ದಾಸವಾಳ, ಮಲ್ಲಿಗೆಗೆ ಮೇಲಿನ ಒಂದು ಗೆಣ್ಣಿನಷ್ಟು ಒಣಗಿದರೆ ನೀರು ಹಾಕಬಹುದು. ಕರಿಬೇವಿಗೂ ಮನಿ ಪ್ಲಾಂಟ್‌ಗೂ ಎರಡು ಗೆಣ್ಣು ಒಣಗುವವರೆಗೆ ಕಾಯಬೇಕು. ದೊಡ್ಡಪತ್ರೆ, ಲೋಳೆಸರ, ಸ್ನೇಕ್ ಪ್ಲಾಂಟ್ ಮೂರೂ ತಮ್ಮ ದಪ್ಪ ಎಲೆಗಳಲ್ಲೇ ನೀರು ಕೂಡಿಟ್ಟುಕೊಂಡಿರುತ್ತವೆ. ಅವುಗಳ ಮಣ್ಣು ಬುಡದವರೆಗೂ ಒಣಗಲಿ. ಮನೆಯೊಳಗಿನ ಸ್ನೇಕ್ ಪ್ಲಾಂಟ್‌ಗೆ ಎರಡು ಮೂರು ವಾರ ನೀರು ಬೀಳದಿದ್ದರೂ ಏನೂ ಆಗುವುದಿಲ್ಲ.

ಬೆರಳಿಗಿಂತ ನಂಬಿಕೆಯ ಇನ್ನೊಂದು ಉಪಾಯವೆಂದರೆ ಕುಂಡ ಎತ್ತಿ ನೋಡುವುದು. ನೀರು ಹಾಕಿದ ಮೇಲೆ ಒಮ್ಮೆ, ಪೂರ್ತಿ ಒಣಗಿದಾಗ ಒಮ್ಮೆ ಎತ್ತಿ ನೋಡಿ. ಹತ್ತಿಂಚಿನ ಕುಂಡದಲ್ಲಿ ಒಂದೂವರೆ ಎರಡು ಕಿಲೋ ವ್ಯತ್ಯಾಸ ಕೈಗೆ ಸಿಗುತ್ತದೆ. ಒಂದೆರಡು ವಾರದಲ್ಲಿ ಕೈಗೆ ಇದು ಎಷ್ಟು ರೂಢಿಯಾಗುತ್ತದೆಂದರೆ ಅಂಚು ಹಿಡಿದು ಸ್ವಲ್ಪ ಓರೆ ಮಾಡಿದರೇ ಗೊತ್ತಾಗುತ್ತದೆ. ಕೊಕೊಪೀಟ್ ಹೆಚ್ಚಿರುವ ಕುಂಡಗಳಿಗಂತೂ ಇದೇ ಸರಿ. ಅದರ ಮೇಲ್ಪದರ ಒಣಗಿ ತಿಳಿ ಬಣ್ಣಕ್ಕೆ ತಿರುಗಿದ್ದರೂ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ.

ಹಾಕುವಾಗ ಮಾತ್ರ ಅರೆಬರೆ ಬೇಡ. ತಳದ ತೂತಿನಿಂದ ಹೊರಬರುವಷ್ಟು, ನಿಧಾನವಾಗಿ, ಬುಡದ ಸುತ್ತ ಹಾಕಬೇಕು. ದಿನಾ ಅರ್ಧ ಲೋಟ ಚಿಮುಕಿಸಿದರೆ ಮೇಲಿನ ಎರಡಿಂಚು ನೆನೆದು ಕೆಳಗಿನ ಬೇರು ಒಣಗಿಯೇ ಇರುತ್ತದೆ. ಹಾಕಿದ ನೀರು ಅರ್ಧ ನಿಮಿಷದಲ್ಲಿ ತಳದಿಂದ ಸುರಿದುಹೋದರೆ ಸಾಕಾಯಿತೆಂದು ತಿಳಿಯಬೇಡಿ. ತೀರಾ ಒಣಗಿದ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡು, ನೀರು ಆ ಸಂದಿಯಲ್ಲಿ ಇಳಿದುಹೋಗಿರುತ್ತದೆ. ಆಗ ಕುಂಡವನ್ನೇ ನೀರಿರುವ ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಎತ್ತಿ ಸೋರಲು ಬಿಡಬೇಕು.

ಕರಿಬೇವು ಹಳದಿಯಾಗುವುದನ್ನೇ ಬಿಡಿಸಿ ನೋಡೋಣ, ಹೊಸಬರು ಹೆಚ್ಚು ಕಂಗಾಲಾಗುವುದು ಅಲ್ಲಿ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ತುದಿ ಜೋತುಬಿದ್ದಿದೆ. ಬಾಡಿದೆ ಎಂದುಕೊಂಡು ಮನೆಯವರು ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಬೆರಳಿಳಿಸಿದರೆ ಮಣ್ಣು ಕೆಸರು, ಕುಂಡ ಎತ್ತಿದರೆ ಭಾರ, ಮೂಗಿಗೆ ಸಣ್ಣ ಕೊಳೆತ ವಾಸನೆ. ಮಣ್ಣಿನಲ್ಲಿ ಗಾಳಿ ಇರಬೇಕಾದ ಸಂದಿಗಳೆಲ್ಲ ನೀರು ತುಂಬಿ, ಬೇರಿಗೆ ಉಸಿರು ಕಟ್ಟಿದೆ. ಕೊಳೆತ ಬೇರು ನೀರು ಎಳೆಯಲಾರದ್ದರಿಂದ ನೀರಿನ ನಡುವೆ ನಿಂತೂ ಗಿಡ ಬಾಡಿದೆ. ಒಣಮಣ್ಣಿನಲ್ಲಿ ಬಾಡಿದ ಗಿಡದ ಎಲೆ ಗರಿಗರಿಯಾಗಿ ಒಣಗುತ್ತದೆ, ಹಸಿಮಣ್ಣಿನಲ್ಲಿ ಬಾಡಿದ್ದು ಹಳದಿಯಾಗಿ ಮೆತ್ತಗಾಗುತ್ತದೆ.

ಆಗ ಮೊದಲು ನೋಡಬೇಕಾದ್ದು ತಳದ ತೂತು. ಕುಂಡವನ್ನು ಓರೆ ಮಾಡಿ ಒಂದು ಕಡ್ಡಿ ಚುಚ್ಚಿ. ಎಷ್ಟೋ ಸಲ ಕೆಮ್ಮಣ್ಣು ಗಟ್ಟಿಯಾಗಿ ಅಲ್ಲಿ ಬಿರಡೆಯಂತೆ ಕೂತಿರುತ್ತದೆ. ಆಮೇಲೆ ಎರಡು ಗೆಣ್ಣು ಒಣಗುವವರೆಗೆ ನೀರು ನಿಲ್ಲಿಸಬೇಕು, ತಂಪುಗಾಲದಲ್ಲಿ ಅದಕ್ಕೆ ಹತ್ತು ದಿನವೂ ಹಿಡಿದೀತು. ಅಷ್ಟರಲ್ಲೂ ಚೇತರಿಸದಿದ್ದರೆ ಗಿಡವನ್ನು ಹೊರತೆಗೆದು, ಕಂದಿ ಮೆತ್ತಗಾದ ಬೇರು ಕತ್ತರಿಸಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೊಕೊಪೀಟ್ ಬೆರೆಸಿ ಮತ್ತೆ ನೆಡಬೇಕು. ಬೇರೆಲ್ಲ ಕಂದಿಹೋಗಿದ್ದರೆ ಆ ಗಿಡ ಉಳಿಯುವುದು ಕಷ್ಟ. ಒಂದು ಎಚ್ಚರ: ಡಿಸೆಂಬರ್ ಜನವರಿಯ ಚಳಿಗೆ ಕರಿಬೇವು ತಾನಾಗಿಯೇ ಎಲೆ ಉದುರಿಸಿ ಸುಮ್ಮನಾಗುವುದುಂಟು. ಮಣ್ಣು ಹದವಾಗಿದ್ದು, ಕಾಂಡವನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿದ್ದರೆ, ಬಿಸಿಲೇರಿದಂತೆ ಚಿಗುರುತ್ತದೆ. ಆಗ ಗೊಬ್ಬರ ಸುರಿಯಬೇಡಿ.

ಇನ್ನು ಶನಿವಾರದ ಕೆಲಸ. ಮೊದಲು ಕುಂಡಗಳ ಕೆಳಗಿನ ತಟ್ಟೆಗಳ ನೀರು ಚೆಲ್ಲಿ, ತಟ್ಟೆಯನ್ನು ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಚೂರು ನೀರಿನಲ್ಲೇ ಮೊಟ್ಟೆ ಇಡುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಎಂಬ ಗಡುವು ತಪ್ಪಬಾರದು ಎನ್ನಲು ಮೊದಲ ಕಾರಣ ಇದು. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡಿರುವುದರಿಂದ ಬರೀ ಚೆಲ್ಲಿದರೆ ಸಾಲದು, ತಿಕ್ಕಲೇಬೇಕು.

ಆಮೇಲೆ ಎಲೆ ತಿರುಗಿಸಿ ನೋಡುವುದು. ಕೀಟಗಳ ಕಥೆಯೆಲ್ಲ ಎಲೆಯ ಅಡಿಗೆ, ಗೆಣ್ಣುಗಳ ಸಂದಿಯಲ್ಲಿ. ದಾಸವಾಳದಿಂದ ಶುರುಮಾಡಿ, ಹತ್ತರಲ್ಲಿ ಮೊದಲು ರೋಗ ಬರುವುದು ಅದಕ್ಕೇ. ಕಾಂಡದ ಮೇಲೆ ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಮೇಲೆ ಏನೋ ಇದೆ ಎಂದೇ ಅರ್ಥ. ಮೊಗ್ಗಿನ ಬುಡದಲ್ಲಿ, ಎಳೆ ಚಿಗುರಿನಲ್ಲಿ ಹತ್ತಿಯ ಚೂರಿನಂಥ ಬಿಳಿ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಗಿಡದ ರಸ ಹೀರಿ ಅಂಟುಅಂಟಾದ ಸಿಹಿ ದ್ರವ ಸುರಿಸುತ್ತದೆ, ಇರುವೆ ಬರುವುದು ಅದಕ್ಕಾಗಿ. ಕೆಳಗಿನ ನೆಲ, ಎಲೆಗಳೂ ಅಂಟುತ್ತವೆ, ಕೆಲವು ದಿನದಲ್ಲಿ ಆ ಅಂಟಿನ ಮೇಲೆ ಕಪ್ಪು ಮಸಿ ಕೂರುತ್ತದೆ.

ಎರಡು ಮೂರು ಕಡೆ ಮಾತ್ರ ಇದ್ದರೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು ನೀರಿನಿಂದ ತೊಳೆದರೆ ಸಾಕು. ತುಂಬ ಮುತ್ತಿದ ಕುಡಿಯನ್ನು ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಉಳಿದಿದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ನಾಲ್ಕೈದು ಹನಿ ಪಾತ್ರೆ ತೊಳೆಯುವ ದ್ರವ. ಚೆನ್ನಾಗಿ ಕುಲುಕಿ, ಒಂದೆರಡು ಎಲೆಗೆ ಹೊಡೆದು ಒಂದು ದಿನ ನೋಡಿ, ಎಲೆ ಸುಡದಿದ್ದರೆ ಇಡೀ ಗಿಡಕ್ಕೆ, ಸಂಜೆ ಬಿಸಿಲಿಳಿದ ಮೇಲೆ, ಎಲೆಯ ಅಡಿ ನೆನೆಯುವಂತೆ ಹೊಡೆಯಬೇಕು. ಒಂದು ಸಲಕ್ಕೆ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಆ ಬಿಳಿ ಹತ್ತಿಯೊಳಗಿನ ಮೊಟ್ಟೆಗಳಿಗೆ ಔಷಧಿ ತಾಗುವುದಿಲ್ಲ, ಅವು ಕೆಲವು ದಿನದಲ್ಲಿ ಒಡೆದು ಹೊಸ ಮರಿಗಳು ಬರುತ್ತವೆ. ಮರಿಗಳಿಗೆ ಆ ಮೇಣದ ಹೊದಿಕೆ ಇನ್ನೂ ಬಂದಿರುವುದಿಲ್ಲ, ಸುಲಭವಾಗಿ ಸಾಯುವುದು ಆಗಲೇ. ಆದ್ದರಿಂದ ಸತತ ಮೂರು ಶನಿವಾರ ಹೊಡೆಯಬೇಕು. ಗಿಡ ಸುಧಾರಿಸುವವರೆಗೆ ಅದನ್ನು ಮೆಣಸು, ಮಲ್ಲಿಗೆಗಳಿಂದ ದೂರ ಇಡಿ. ತುಳಸಿ, ಪುದೀನ, ಕರಿಬೇವು ಬಾಯಿಗೆ ಹೋಗುವಂಥವು, ಅವಕ್ಕೆ ಬರೀ ನೀರಿನ ಧಾರೆಯಿಂದ ತೊಳೆಯುವುದೇ ನನ್ನ ಆಯ್ಕೆ.

ಮೆಣಸಿನ ಗಿಡದ ಎಲೆ ಬಣ್ಣಗೆಟ್ಟು ಸಣ್ಣ ಚುಕ್ಕೆ ಚುಕ್ಕೆಯಾಗಿದ್ದರೆ ಅದರ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ಅದು ನುಸಿ, ಬೇಸಿಗೆಯ ಒಣ ಹವೆಯಲ್ಲಿ ಹೆಚ್ಚು. ಎಲೆಯ ಅಡಿಗೆ ರಭಸದ ನೀರು ಹೊಡೆದರೆ ಬಹಳಷ್ಟು ಹೋಗುತ್ತದೆ.

ಉಳಿದ ಕೆಲಸಗಳು ಚಿಕ್ಕವು. ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಗಿಡ ಬೆಳಕಿನತ್ತ ವಾಲುತ್ತದೆ. ಮೊಗ್ಗು ಬಿಟ್ಟ ಮಲ್ಲಿಗೆಯನ್ನು ಮಾತ್ರ ಅಲುಗಾಡಿಸಬೇಡಿ. ತುಳಸಿಯ ಕದಿರು ಬಲಿಯುವ ಮುಂಚೆ ಚಿವುಟಿದರೆ ಗಿಡ ಬೀಜಕ್ಕೆ ಶಕ್ತಿ ಸುರಿಯದೆ ಕವಲೊಡೆಯುತ್ತದೆ. ಪುದೀನವನ್ನೂ ಗೆಣ್ಣಿನ ಮೇಲೆ ಕತ್ತರಿಸಿ, ಮಧ್ಯಾಹ್ನದ ಚಟ್ನಿಗೂ ಆಯಿತು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳ ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಗೊಬ್ಬರ ಪ್ರತಿ ವಾರ ಬೇಡವೇ ಬೇಡ. ತಿಂಗಳ ಮೊದಲ ಶನಿವಾರ, ಹತ್ತಿಂಚಿನ ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ, ಮೇಲ್ಮಣ್ಣು ಕೆದಕಿ ಬೆರೆಸಿ ನೀರು. ಲೋಳೆಸರ, ಸ್ನೇಕ್ ಪ್ಲಾಂಟ್‌ಗೆ ವರ್ಷಕ್ಕೆ ಎರಡು ಸಲ ಸಾಕು. ಬಾಡಿದ, ಬೇರು ಕೊಳೆತ ಗಿಡಕ್ಕೆ ಗೊಬ್ಬರ ಹಾಕುವುದು ಅಪಾಯ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿದ್ದರೆ ಬೋರ್‌ವೆಲ್ಲಿನ ಗಡಸು ನೀರು ಕಾರಣವಾಗಿರಬಹುದು, ಗೊಬ್ಬರ ಹೆಚ್ಚಾದರೂ ಹೀಗಾಗುತ್ತದೆ. ಎರಡು ತಿಂಗಳಿಗೊಮ್ಮೆ ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನು ತಳದಿಂದ ತೊಳೆದುಬಿಡಿ. ಮಳೆ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಊರಿಗೆ ಒಂದು ವಾರ ಹೋಗುವುದಾದರೆ ಹೊರಡುವ ದಿನ ಬೆಳಿಗ್ಗೆ ಎಲ್ಲ ಕುಂಡಗಳಿಗೂ ತಳ ಸೋರುವಂತೆ ನೀರು ಹಾಕಿ, ಬಾಲ್ಕನಿಯವನ್ನು ಬಿಸಿಲಿನಿಂದ ಒಳಕ್ಕೆ ಸರಿಸಿ ಒತ್ತೊತ್ತಾಗಿ ಇಡಿ. ಪುದೀನ, ಮೆಣಸು, ದಾಸವಾಳಕ್ಕೆ ಇಷ್ಟು ಸಾಲದು. ಒಂದು ಬಕೆಟ್ ನೀರನ್ನು ಕುಂಡಗಳಿಗಿಂತ ಸ್ವಲ್ಪ ಎತ್ತರದಲ್ಲಿಟ್ಟು, ಸೊಳ್ಳೆ ಹೋಗದಂತೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಹತ್ತಿಯ ದಪ್ಪ ದಾರವನ್ನು ನೆನೆಸಿ ಒಂದು ತುದಿಯನ್ನು ಬಕೆಟ್ಟಿನ ತಳದವರೆಗೆ, ಇನ್ನೊಂದನ್ನು ಮಣ್ಣಿನೊಳಗೆ ಎರಡಿಂಚು ಹೂತಿಡಿ. ಇದನ್ನು ಹೊರಡುವ ಎರಡು ದಿನ ಮುಂಚೆಯೇ ಕಟ್ಟಿ ನೋಡಬೇಕು. ದಾರ ತೆಳುವಾದರೆ ನೀರು ಸಾಲದು, ದಪ್ಪವಾದರೆ ಎರಡೇ ದಿನಕ್ಕೆ ಬಕೆಟ್ ಖಾಲಿಯಾಗುತ್ತದೆ.