ಗೇಟಿಗೆ ಎಂಟು, ಕಾರಿಡಾರಿಗೆ ಹನ್ನೆರಡು

ಸಿಸಿ ಕ್ಯಾಮೆರಾ ಕೂರಿಸಲು ಬಂದವನಿಗೆ ರೋಣದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಮಾಲೀಕರು ಹೇಳುವುದು ಒಂದೇ: ‘ಪೂರಾ ಕಾಣ್ಬೇಕ್ರಿ.’ ಅವನು 2.8 ಮಿ.ಮೀ. ಲೆನ್ಸ್ ಹಾಕಿ ಹೋಗುತ್ತಾನೆ. ಕಂಪೌಂಡು, ಬೇವಿನ ಮರ, ಎದುರಿನ ರಸ್ತೆ ಎಲ್ಲ ಕಾಣುತ್ತದೆ. ಕಳ್ಳನ ಮುಖವೊಂದು ಬಿಟ್ಟು.

ಲೆಕ್ಕ ಸರಳ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಸೆನ್ಸರ್ ಸುಮಾರು 5.4 ಮಿ.ಮೀ. ಅಗಲ; ಅದರಲ್ಲಿ ಅಡ್ಡಸಾಲಿಗೆ 1920 ಪಿಕ್ಸೆಲ್. ದೂರವನ್ನು 5.4ರಿಂದ ಗುಣಿಸಿ ಲೆನ್ಸಿನ ಮಿ.ಮೀ.ಯಿಂದ ಭಾಗಿಸಿದರೆ ಆ ದೂರದಲ್ಲಿ ಕಾಣುವ ಅಗಲ ಸಿಗುತ್ತದೆ. ಅಗಲ ಹೆಚ್ಚಿದಷ್ಟೂ ಅದೇ 1920 ಪಿಕ್ಸೆಲ್ ತೆಳ್ಳಗೆ ಹರಡುತ್ತವೆ. ಅಪರಿಚಿತನ ಗುರುತು ಹಿಡಿಯಲು ಮೀಟರಿಗೆ 250 ಪಿಕ್ಸೆಲ್, ಪರಿಚಿತನನ್ನು ‘ಇವನೇ’ ಎನ್ನಲು 125 ಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ.

ನರಗುಂದದಲ್ಲಿ ಕಾಳುಕಡಿ ಇಡುವ ಗೋದಾಮೊಂದಿದೆ ಎಂದುಕೊಳ್ಳಿ. ಗೇಟು 3 ಮೀಟರ್ ಅಗಲ, ಕ್ಯಾಮೆರಾ 6 ಮೀಟರ್ ದೂರ. 2.8ರ ಲೆನ್ಸಿಗೆ ಅಲ್ಲಿ ಹನ್ನೊಂದೂವರೆ ಮೀಟರ್ ಅಗಲ ಕಾಣುತ್ತದೆ, ಮೀಟರಿಗೆ ಸಿಗುವುದು ಸುಮಾರು 166 ಪಿಕ್ಸೆಲ್. ಹಮಾಲರನ್ನು ಮಾಲೀಕ ಗುರುತಿಸಿಯಾನು, ಪೊಲೀಸರಿಗೆ ಹೊರಗಿನವನ ಗುರುತು ಹತ್ತದು. 8 ಮಿ.ಮೀ. ಹಾಕಿದರೆ ಅಗಲ 4 ಮೀಟರಿಗೆ ಇಳಿಯುತ್ತದೆ: ಗೇಟು, ಅದರ ಎರಡೂ ಬದಿಗೆ ಅರ್ಧರ್ಧ ಮೀಟರ್, ಅಷ್ಟೇ. ಪಿಕ್ಸೆಲ್ ಸುಮಾರು 474 ಆಗುತ್ತದೆ. ಬೇವಿನ ಮರ ತಪ್ಪಿತೆಂದು ಯಾರೂ ಅಳಬೇಕಿಲ್ಲ.

ಕಾರಿಡಾರಿನ ಪಾಡು ಬೇರೆ. 30 ಮೀಟರ್ ಉದ್ದದ ಶಾಲೆಯ ಕಾರಿಡಾರಿಗೆ 4 ಮಿ.ಮೀ. ಲೆನ್ಸ್ ಹಾಕಿದರೆ ಆಚೆ ತುದಿಯಲ್ಲಿ ಮೀಟರಿಗೆ 47 ಪಿಕ್ಸೆಲ್ ಮಾತ್ರ. ಯಾರೋ ನಡೆದದ್ದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. 12 ಹಾಕಿದರೆ 142. ಅವನು ಕ್ಯಾಮೆರಾದತ್ತ ನಡೆದು ಬಂದರೆ 17 ಮೀಟರಿನ ಹತ್ತಿರ 250 ದಾಟುತ್ತದೆ. ಕೊನೆಯ ಕೋಣೆಗೆ ನುಗ್ಗಿ ಅಲ್ಲಿಂದಲೇ ಹೊರಟರೆ ಈ ಲೆನ್ಸೂ ಸಾಲದು, ಆ ತುದಿಗೆ ಇನ್ನೊಂದು ಕ್ಯಾಮೆರಾ ಬೇಕು.

12ಕ್ಕೊಂದು ಕುಂದಿದೆ. 3 ಮೀಟರ್ ಎತ್ತರದಲ್ಲಿ ಕೂರಿಸಿ ದೂರಕ್ಕೆ ಗುರಿಯಿಟ್ಟರೆ, ಕ್ಯಾಮೆರಾದ ಕೆಳಗಿನ ಸುಮಾರು 10 ಮೀಟರ್ ನೆಲ ಚೌಕಟ್ಟಿಗೆ ಬರುವುದೇ ಇಲ್ಲ. ಚಿತ್ರದ ಅಕ್ಕಪಕ್ಕ ಬರೀ ಗೋಡೆ. ಆಗ ಕ್ಯಾಮೆರಾವನ್ನು 90 ಡಿಗ್ರಿ ಹೊರಳಿಸಿ ಸೆಟ್ಟಿಂಗಿನಲ್ಲಿ ಕಾರಿಡಾರ್ ಮೋಡ್ ಹಾಕಬೇಕು. ಗೋಡೆಗೆ ಪೋಲಾಗುತ್ತಿದ್ದ ಪಿಕ್ಸೆಲ್ ನೆಲಕ್ಕೆ ತಿರುಗಿ, ಕಾಣದ ಜಾಗ 6 ಮೀಟರಿಗಿಂತ ಕಡಿಮೆಯಾಗುತ್ತದೆ. ದೂರದ ಸ್ಪಷ್ಟತೆ ಕುಗ್ಗುವುದಿಲ್ಲ.

ಅಳತೆ ಖಚಿತವಿಲ್ಲದಿದ್ದರೆ 2.8ರಿಂದ 12ರವರೆಗೆ ತಿರುಗಿಸಬಹುದಾದ ವೇರಿಫೋಕಲ್ ಲೆನ್ಸ್ ಕೊಳ್ಳುವುದು ಒಳ್ಳೆಯದು. ಆದರೆ ಹಗಲಿಗೆ ಫೋಕಸ್ ಸರಿಮಾಡಿ ಏಣಿ ಇಳಿದುಬಿಟ್ಟರೆ ಆಗದು. ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಕಸ್ ಕೊಂಚ ಸರಿಯಬಹುದು. ಕತ್ತಲಾದ ಮೇಲೆ ಒಬ್ಬರನ್ನು ಆಚೆ ತುದಿಯಲ್ಲಿ ನಿಲ್ಲಿಸಿ, ರೆಕಾರ್ಡ್ ಆದ ಚಿತ್ರವನ್ನೇ ಹಿಗ್ಗಿಸಿ ಮುಖ ನೋಡಬೇಕು. ಲೈವ್ ಚಿತ್ರ ಸಾಕಾಗದು, ಪೊಲೀಸರ ಕೈಗೆ ಹೋಗುವುದು ರೆಕಾರ್ಡಿಂಗೇ.