ರಾಜೀನಾಮೆಗೆ ಯಾವ ತಾರೀಖು?

ಗಂಡನಿಗೆ ಪುಣೆಗೆ ಬಡ್ತಿ ಬಂದಿದೆ ಎಂದಾಗ ಮನೆಯಲ್ಲಿ ಎಲ್ಲರೂ ಕೇಳುವುದು ಅಲ್ಲಿ ಬಾಡಿಗೆ ಎಷ್ಟು, ಸಾಮಾನು ಸಾಗಿಸಲು ಲಾರಿಗೆ ಎಷ್ಟಾದೀತು ಅಂತ. ಹೆಂಡತಿ ತನ್ನ ಕೆಲಸ ಯಾವ ತಾರೀಖಿಗೆ ಬಿಡಬೇಕು ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಬ್ಬಳ್ಳಿ ಕಡೆಯ ಹಿರಿಯರಾದರೆ, "ಹೆಂಗೂ ಹೋಗೂದೈತಿ, ಇವತ್ತ ಬಿಟ್ರೇನು, ನಾಳೆ ಬಿಟ್ರೇನವ್ವಾ?" ಅಂದು ಮಾತು ಮುಗಿಸಿಬಿಡುತ್ತಾರೆ. ಇವತ್ತಿಗೂ ನಾಳೆಗೂ ಇರುವ ವ್ಯತ್ಯಾಸ ಕೆಲವೊಮ್ಮೆ ಲಕ್ಷದ ಮೇಲೆ ಹೋಗುತ್ತದೆ.

ಒಂದು ಕಲ್ಪಿತ ಲೆಕ್ಕ ಇಟ್ಟುಕೊಳ್ಳೋಣ. ಆಕೆ ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕಾಯಂ ನೌಕರಳು. ಕೆಲಸಕ್ಕೆ ಸೇರಿದ್ದು 2021ರ ಜುಲೈ 5ಕ್ಕೆ. ಈಗ ಕೈಗೆ ಬರುವ ಪಗಾರ ತಿಂಗಳಿಗೆ ಸುಮಾರು 32,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800. ಗಂಡ 2026ರ ಮೇ 1ಕ್ಕೆ ಪುಣೆಯಲ್ಲಿ ಹಾಜರಾಗಬೇಕು. ಇಬ್ಬರೂ ಒಟ್ಟಿಗೇ ಹೋಗೋಣ ಎಂದು ಆಕೆ ಏಪ್ರಿಲ್ 30ಕ್ಕೆ ಕೆಲಸ ಬಿಟ್ಟರೆ ಏನಾಗುತ್ತದೆ?

ಮೊದಲ ಪೆಟ್ಟು ಗ್ರ್ಯಾಚುಟಿಗೆ. ಕಾಯಂ ನೌಕರರು ರಾಜೀನಾಮೆ ಕೊಟ್ಟು ಹೋಗುವಾಗ ಗ್ರ್ಯಾಚುಟಿ ಸಿಗಬೇಕಾದರೆ ಒಂದೇ ಕಡೆ ಐದು ವರ್ಷ ಸತತ ಸೇವೆ ಆಗಿರಬೇಕು. 1972ರ ಕಾಯ್ದೆಯಲ್ಲಿ ಇದ್ದದ್ದೂ ಇದೇ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಉಳಿದಿರುವುದೂ ಇದೇ. "ಈಗ ಒಂದೇ ವರ್ಷಕ್ಕೆ ಗ್ರ್ಯಾಚುಟಿ ಸಿಗುತ್ತದಂತೆ" ಎಂದು ಓಡಾಡಿದ ಸುದ್ದಿ ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಸಂಬಂಧಿಸಿದ್ದು, ಈಕೆಗಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಆರು ತಿಂಗಳಿಗಿಂತ ಹೆಚ್ಚಾದರೆ ಅದನ್ನು ಪೂರ್ತಿ ವರ್ಷ ಎಂದೇ ಎಣಿಸುತ್ತಾರೆ, ಹಾಗಾಗಿ ನಾಲ್ಕು ವರ್ಷ ಒಂಬತ್ತು ತಿಂಗಳಾದರೂ ಐದು ಎಂದೇ ಲೆಕ್ಕ ಎಂದುಕೊಳ್ಳುತ್ತಾರೆ. ಆ ರಿಯಾಯಿತಿ ಇರುವುದು ಹಣ ಎಷ್ಟು ಎಂದು ಲೆಕ್ಕ ಹಾಕುವಾಗ. ಅರ್ಹತೆಯ ಹೊಸ್ತಿಲು ದಾಟಿದವರಿಗೆ ಮಾತ್ರ ಅದು ಅನ್ವಯ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಅದನ್ನು ಒಪ್ಪದ ಕಂಪನಿಗಳು ಬೇಕಾದಷ್ಟಿವೆ. ಒಪ್ಪದಿದ್ದರೆ ದೂರು ಹಿಡಿದು ಪುಣೆಯಿಂದ ಹುಬ್ಬಳ್ಳಿಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಓಡಾಡುವವರು ಯಾರು?

ನಮ್ಮ ಲೆಕ್ಕದಲ್ಲಿ ಐದು ವರ್ಷ ತುಂಬುವುದು 2026ರ ಜುಲೈ 4ಕ್ಕೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ಬರುವುದೇ ಗ್ರ್ಯಾಚುಟಿ. 20,800ಕ್ಕೆ ದಿನದ ದರ 800, ಹದಿನೈದು ದಿನಕ್ಕೆ 12,000, ಐದು ವರ್ಷಕ್ಕೆ 60,000 ರೂಪಾಯಿ. ಏಪ್ರಿಲ್ 30ಕ್ಕೆ ಬಿಟ್ಟರೆ ಇದು ಕೈತಪ್ಪುತ್ತದೆ, ಮೇಲೆ ಎರಡು ತಿಂಗಳ ಪಗಾರವೂ ಹೋಯಿತು. ನೋಟಿಸ್ ಅವಧಿ ಪೂರೈಸದೆ ಹೊರಟರೆ ಅದರ ಹಣವನ್ನು ಕಂಪನಿ ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತದೆ.

ಬದಲಿಗೆ ಮೇ 6ಕ್ಕೆ ರಾಜೀನಾಮೆ ಕೊಟ್ಟು, ಎರಡು ತಿಂಗಳ ನೋಟಿಸ್‌ನಲ್ಲಿ ದುಡಿದು, ಜುಲೈ 6ಕ್ಕೆ ಹೊರಬೀಳಬಹುದು. ದುಡಿದ ನೋಟಿಸ್ ಅವಧಿಯೂ ಸೇವೆಯೇ. ಗಂಡ ಅಷ್ಟು ದಿನ ಪಿಜಿಯಲ್ಲಿದ್ದು ಸಾವಕಾಶವಾಗಿ ಮನೆ ಹುಡುಕಬಹುದು. ಪಿಜಿ ಖರ್ಚು ಕಳೆದರೂ ಈ ಎರಡು ತಿಂಗಳು ಮನೆಗೆ ಲಾಭವೇ. ಒಂದು ಎಚ್ಚರಿಕೆ: ಕಂಪನಿಯೇ "ನೋಟಿಸ್ ಬೇಡ, ಈಗಲೇ ಹೋಗಿ" ಅಂದುಬಿಟ್ಟರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆ ಅನುಮಾನ ಇರುವ ಕಡೆ ಐದು ವರ್ಷ ತುಂಬಿದ ಮೇಲೇ ಬಾಯಿಬಿಡುವುದು ಜಾಣತನ.

ಇನ್ನು ಪಿಎಫ್. ಊರು ಬಿಡುವ ಗಡಿಬಿಡಿಯಲ್ಲಿ ಹೊಸ ಮನೆಯ ಅಡ್ವಾನ್ಸ್‌ಗೆಂದು ಕಣ್ಣು ಮೊದಲು ಬೀಳುವುದು ಅದರ ಮೇಲೇ. ಆಕೆ ಸೇರುವಾಗ ಮೂಲ ವೇತನ 15,000ದ ಒಳಗಿದ್ದದ್ದರಿಂದ ಪಿಂಚಣಿ ಯೋಜನೆಯಲ್ಲೂ ಸದಸ್ಯಳು. ಅಂದರೆ ಕಂಪನಿ ಕಟ್ಟುವ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಖಾತೆಗೆ ಹೋಗುತ್ತಿರುತ್ತದೆ. ತಿಂಗಳ ಪಿಂಚಣಿ ಸಿಗಲು ಒಟ್ಟು ಹತ್ತು ವರ್ಷದ ಸೇವೆ ಬೇಕು, ಅದು ಒಂದೇ ಕಂಪನಿಯದಾಗಬೇಕಿಲ್ಲ. ಈಗ ಆ ಪಿಂಚಣಿ ಪಾಲನ್ನೂ ಬಳಿದುಕೊಂಡರೆ ಹುಬ್ಬಳ್ಳಿಯ ಐದು ವರ್ಷ ಸೊನ್ನೆಯಾಗುತ್ತದೆ. ಮುಂದೆ ಪುಣೆಯಲ್ಲಿ ಆರು ವರ್ಷ ದುಡಿದರೂ ಎಣಿಕೆ ಆರೇ. ಹಾಗೇ ಬಿಟ್ಟಿದ್ದರೆ ಹನ್ನೊಂದು. ಸಿಗುವ ಪಿಂಚಣಿ ದೊಡ್ಡದೇನಲ್ಲ: 15,000ದ ಮಿತಿಯ ಲೆಕ್ಕದಲ್ಲಿ ಹತ್ತು ವರ್ಷದ ಸೇವೆಗೆ ತಿಂಗಳಿಗೆ 2,100 ರೂಪಾಯಿ ಚಿಲ್ಲರೆ. ಆದರೂ ಅದು ಆಕೆಯ ಹೆಸರಿಗೆ ಬರುವ ಹಣ.

ಹಣ ತೆಗೆಯದಿದ್ದರೂ ಒಂದು ಕೆಲಸ ಉಳಿಯುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಪಿಎಫ್ ಪೋರ್ಟಲ್‌ನಲ್ಲಿ ನಮೂದಿಸಿದೆಯೇ ಎಂದು ನೋಡಬೇಕು. ಅದು ಖಾಲಿ ಇದ್ದರೆ ಹೊಸ ಕೆಲಸ ಸಿಕ್ಕಾಗ ಹಳೆಯ ಖಾತೆ ವರ್ಗಾವಣೆ ಆಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೌಕರರೇ ಅದನ್ನು ತುಂಬಿಕೊಳ್ಳಬಹುದು.

ಗಂಡ ಹೆಂಡತಿ ಇಬ್ಬರ ಮಾತಿನಲ್ಲೂ ಬಾರದೆ ಹೋಗುವುದು ಆಕೆಯ ತಂದೆತಾಯಿಯ ವಿಮೆ. ಅವರು ಮಗಳ ಕಂಪನಿಯ ಗುಂಪು ವಿಮೆಯಲ್ಲಿದ್ದರೆ, ಮಗಳು ಕೆಲಸ ಬಿಟ್ಟ ದಿನವೇ ಸಾಮಾನ್ಯವಾಗಿ ಅವರ ರಕ್ಷಣೆಯೂ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಇದೆ. ಹಾಗೆ ಮಾಡಿದರೆ ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಆದರೆ ಕಂಪನಿಯಲ್ಲಿ ಇರುವಾಗಲೇ ಎಚ್‌ಆರ್‌ನವರ ಹತ್ತಿರ ಕೇಳಿ ಅರ್ಜಿ ಹಾಕಬೇಕು. ಪುಣೆಗೆ ಹೋದ ಮೇಲೆ ಅಪ್ಪನ ಸಕ್ಕರೆ ಕಾಯಿಲೆ ಬರೆದು ಹೊಸ ಪಾಲಿಸಿ ಕೇಳುವುದು ಬೇರೆಯೇ ಕಥೆ.

ಮಗುವಿನ ಯೋಚನೆ ಇರುವವರು ಇನ್ನೊಂದು ಅಂಕಿ ನೆನಪಿಡಬೇಕು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಕಂಪನಿಯಲ್ಲಿ ಕನಿಷ್ಠ 80 ದಿನ ದುಡಿದಿದ್ದರೆ ಮಾತ್ರ 26 ವಾರಗಳ ಸಂಬಳಸಹಿತ ಹೆರಿಗೆ ರಜೆ. ಹುಬ್ಬಳ್ಳಿಯಲ್ಲಿ ದುಡಿದ ದಿನಗಳನ್ನು ಪುಣೆಯ ಕಂಪನಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಗೆ ರಾಜೀನಾಮೆ ಪತ್ರ. ಎಲ್ಲರೂ ರೂಢಿಯಂತೆ "ವೈಯಕ್ತಿಕ ಕಾರಣಗಳಿಂದ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗಲ್ಲದೆ, ಪತಿಗೆ ಪುಣೆಗೆ ವರ್ಗವಾಗಿರುವುದರಿಂದ ಎಂದೇ ಬರೆಯುವುದು ಮೇಲು. ಮುಂದೆ ಸಂದರ್ಶನದಲ್ಲಿ ನಡುವಿನ ಖಾಲಿ ತಿಂಗಳುಗಳಿಗೆ ಉತ್ತರ ಕೊಡುವಾಗ ಅದು ನೆರವಾಗುತ್ತದೆ. ಇನ್ನೊಂದು ಉಪಯೋಗವನ್ನು ಹೇಳಲು ಮನಸ್ಸು ಬಾರದು, ಆದರೂ ಹೇಳಬೇಕು. ದಾಂಪತ್ಯ ಮುರಿದು ಜೀವನಾಂಶದ ಪ್ರಶ್ನೆ ಬಂದಾಗ, ಹೆಂಡತಿ ಸಂಸಾರಕ್ಕಾಗಿ ತನ್ನ ಉದ್ಯೋಗದ ಅವಕಾಶ ಬಿಟ್ಟುಕೊಟ್ಟಿದ್ದಳೇ ಎಂಬುದನ್ನೂ ನ್ಯಾಯಾಲಯ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಆಗ "ಅವಳೇ ಇಷ್ಟಪಟ್ಟು ಬಿಟ್ಟಳು" ಎಂಬ ಮಾತಿಗೆ ಎದುರಾಗಿ ಇಡಲು ಆ ಪತ್ರ, ಅದಕ್ಕೆ ಕಂಪನಿ ಕೊಟ್ಟ ಉತ್ತರ ಮತ್ತು ಕೊನೆಯ ಸಂಬಳದ ಚೀಟಿಗಳು ಬೇಕಾಗುತ್ತವೆ. ಕೆಲಸ ಬಿಟ್ಟ ದಿನವೇ ಆಫೀಸಿನ ಇಮೇಲ್ ಬಂದ್ ಆಗುವುದರಿಂದ, ಅವನ್ನೆಲ್ಲ ಅದಕ್ಕೆ ಮುಂಚೆಯೇ ಸ್ವಂತ ಇಮೇಲ್‌ಗೆ ಕಳಿಸಿಟ್ಟುಕೊಳ್ಳಬೇಕು.